ಒಂದೇ ಕೆಲಸ, ಬೇರೆ ಬೇರೆ ಸಂಬಳ: ವ್ಯತ್ಯಾಸ ಪತ್ತೆಹಚ್ಚಿ ಸರಿಪಡಿಸುವುದು ಹೇಗೆ?

ಸಂಬಳದ ಪಟ್ಟಿಯನ್ನು ಹುದ್ದೆಯ ಹೆಸರಿನ ಪ್ರಕಾರ ವಿಂಗಡಿಸಿದರೆ ಹೆಣ್ಣು ಗಂಡಿನ ನಡುವಿನ ತಾರತಮ್ಯ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ಒಬ್ಬರು ‘ಹಿರಿಯ ಪರಿವೀಕ್ಷಕ’, ಇನ್ನೊಬ್ಬರು ‘ಸಹಾಯಕಿ’. ಆದರೆ ಇಬ್ಬರೂ ಅಳೆಯುವ ಬಿಡಿಭಾಗ ಒಂದೇ. ಹಾಗಾಗಿ ಹೆಸರುಗಳನ್ನು ಬದಿಗಿಟ್ಟು, ದಿನವಿಡೀ ಯಾರು ಏನು ಮಾಡುತ್ತಾರೆ ಎಂದು ಮೇಲ್ವಿಚಾರಕರನ್ನೂ ಕೆಲಸಗಾರರನ್ನೂ ಕೇಳಿ ಗುಂಪು ಮಾಡಿ.

ಮುಂದೆ ಕಡಿತಗಳಿಗೆ ಮೊದಲಿನ ಮಾಸಿಕ ಸಂಬಳವನ್ನು ಬರೆದುಕೊಳ್ಳಿ. ಕೈಗೆ ಬರುವ ಮೊತ್ತವನ್ನು ಹೋಲಿಸಬೇಡಿ, ಅದರಲ್ಲಿ ಸಾಲದ ಕಂತು, ತೆರಿಗೆ ಎಲ್ಲವೂ ಕಳೆದಿರುತ್ತದೆ. ಓವರ್‌ಟೈಮ್ ಮತ್ತು ರಾತ್ರಿ ಪಾಳಿಯ ಭತ್ಯೆಗೆ ಬೇರೆ ಕಾಲಂ ಇರಲಿ.

ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಹನ್ನೆರಡು ಮಂದಿ ಇದ್ದಾರೆ ಎಂದುಕೊಳ್ಳಿ. ಇಷ್ಟು ಸಣ್ಣ ಗುಂಪಿನಲ್ಲಿ ಸರಾಸರಿಯನ್ನು ನಂಬುವಂತಿಲ್ಲ, ಒಬ್ಬರ ಸಂಬಳವೇ ಲೆಕ್ಕವನ್ನು ಆಚೀಚೆ ಮಾಡುತ್ತದೆ. ಒಬ್ಬೊಬ್ಬರನ್ನೇ ನೋಡಬೇಕು. ಅಲ್ಲಿನ ಗಂಡಸರ ಮೂಲವೇತನ ಸುಮಾರು 22,000 ರೂಪಾಯಿಯಿಂದ ಆರಂಭವಾಗಿ ವರ್ಷಕ್ಕೆ 900ರಂತೆ ಏರಿದೆ. ಆ ಲೆಕ್ಕದಲ್ಲಿ ಆರು ವರ್ಷ ದುಡಿದವರಿಗೆ 27,400 ಸಿಗಬೇಕು. ಅಷ್ಟೇ ಅನುಭವದ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ 25,900, ಇನ್ನೊಬ್ಬರಿಗೆ 24,600 ಸಿಗುತ್ತಿದೆ.

ಈಗ ಕಾರಣ ಹುಡುಕಿ. ಮೊದಲನೆಯವರಿಗೆ ಡಿಪ್ಲೊಮಾ ಇಲ್ಲ. ಉಳಿದವರು ಮಾಡುವ ಗೇಜ್ ಮಾಪನಾಂಕ ನಿರ್ಣಯವನ್ನು ಅವರು ಮಾಡುವುದಿಲ್ಲ. 1,500 ರೂಪಾಯಿಗೆ ಉತ್ತರ ಸಿಕ್ಕಿತು. ಆದರೆ ಆ ಕೆಲಸ ಡಿಪ್ಲೊಮಾ ಇಲ್ಲದೆ ನಿಜಕ್ಕೂ ಆಗದೇ ಎಂದು ಕೇಳದೆ ಬಿಡಬೇಡಿ. ಎರಡನೆಯವರು ಎಲ್ಲ ಕೆಲಸವನ್ನೂ ಮಾಡುತ್ತಾರೆ. ರಾತ್ರಿ ಪಾಳಿಗೆ ಅವರು ಬರುವುದಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ, ಅದಕ್ಕೆ ಭತ್ಯೆ ಪ್ರತ್ಯೇಕವಾಗಿದೆ. ನೇಮಕಾತಿಯ ಕಡತ ತೆಗೆದರೆ ನಿಜ ಹೊರಬೀಳುತ್ತದೆ: ಹೆರಿಗೆಯ ನಂತರ ಕೆಲಸ ಬಿಟ್ಟು ಮನೆಯಲ್ಲಿದ್ದವರಿಗೆ ಹಳೆಯ ಸಂಬಳದ ಮೇಲೆಯೇ ಆರಂಭದ ವೇತನ ನಿಗದಿ ಮಾಡಿದ್ದರು. ನನ್ನ ಪ್ರಕಾರ ‘ಹಿಂದಿನ ಸಂಬಳ ಎಷ್ಟಿತ್ತು?’ ಎಂಬ ಪ್ರಶ್ನೆಯನ್ನು ಸಂದರ್ಶನದಿಂದ ತೆಗೆದುಹಾಕುವುದೇ ಒಳ್ಳೆಯದು. ‘ಕಾರ್ಯಕ್ಷಮತೆ ಕಡಿಮೆ’ ಎಂಬ ಉತ್ತರವನ್ನೂ ಹಾಗೆಯೇ ಒಪ್ಪಬೇಡಿ. ಹೆರಿಗೆ ರಜೆಯ ವರ್ಷದಲ್ಲಿ ಅಂಕ ಕುಸಿದಿದೆಯೇ ನೋಡಿ.

ಉತ್ತರವಿಲ್ಲದ 2,800 ರೂಪಾಯಿಯನ್ನು ಮೂಲವೇತನಕ್ಕೇ ಸೇರಿಸಬೇಕು. ಒಂದು ಸಲದ ಬೋನಸ್ ಕೊಟ್ಟು ಕೈತೊಳೆದುಕೊಂಡರೆ ಮುಂದಿನ ತಿಂಗಳು ಅಂತರ ಅಷ್ಟೇ ಇರುತ್ತದೆ. ಪೂರ್ಣ ಮೂಲವೇತನದ ಮೇಲೆ ಶೇ 12ರಷ್ಟು ಪಿಎಫ್ ಕಟ್ಟುವ ಸಂಸ್ಥೆಗೆ ಇದರಿಂದ ತಿಂಗಳಿಗೆ ಇನ್ನೂ 336 ರೂಪಾಯಿ ಖರ್ಚು ಬರುತ್ತದೆ, ಬಜೆಟ್‌ನಲ್ಲಿ ಅದನ್ನೂ ಇಟ್ಟುಕೊಳ್ಳಿ. ಹೆಚ್ಚು ಪಡೆಯುವವರ ಸಂಬಳ ಇಳಿಸಿ ಸಮ ಮಾಡುವ ದಾರಿಯಂತೂ ಇಲ್ಲ. 1976ರ ಸಮಾನ ವೇತನ ಕಾಯ್ದೆ ಅದನ್ನು ನಿಷೇಧಿಸಿತ್ತು, 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ.

ತಿದ್ದುಪಡಿಯನ್ನು ವಾರ್ಷಿಕ ಬಡ್ತಿಗೆ ಮೊದಲೇ ಮುಗಿಸಿ. ಎಲ್ಲರಿಗೂ ಶೇ 10ರಷ್ಟು ಏರಿಸಿದರೆ 2,800ರ ಅಂತರ 3,080 ಆಗುತ್ತದೆ.