ಕತ್ತರಿ ಹಾಕಿದ್ದು ಕಿವಿಗೆ ಸಿಗಬಾರದು ಅಂದ್ರೆ

ಇಂಟರ್ವ್ಯೂ ಎಡಿಟ್ ಮಾಡಿ ಕಳಿಸಿದೀನಿ ಕೇಳಿ ಸಾರ್ ಅಂತ ಹುಡುಗರು ಫೈಲ್ ಕಳಿಸ್ತಾರೆ, ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಮೊದಲ ನಿಮಿಷದಲ್ಲೇ ಗೊತ್ತಾಗಿಬಿಡತ್ತೆ. ಮಾತಾಡೋರ ಹಿಂದೆ ಫ್ಯಾನ್ ಗುಂಯ್ ಅಂತಿರತ್ತೆ, ಯಾರೋ ಕೆಮ್ಮಿದ ಕಡೆ ಇವರು ಆಡಾಸಿಟಿ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಅಷ್ಟು ಜಾಗ ಸೆಲೆಕ್ಟ್ ಮಾಡಿ `Ctrl+L` ಒತ್ತಿರ್ತಾರೆ, ಅಲ್ಲಿ ಕೆಮ್ಮಿನ ಜೊತೆ ಫ್ಯಾನೂ ಮಾಯ. ಅರ್ಧ ಸೆಕೆಂಡು ಕರೆಂಟ್ ಹೋಗಿ ಬಂದ ಹಾಗೆ. ಆ ಆಜ್ಞೆ ಹಾಕೋದು ಬರೀ ಸೊನ್ನೆ, ಆದ್ರೆ ನಿಜವಾದ ಯಾವ ರೂಮಿನ ಮೌನವೂ ಸೊನ್ನೆ ಇರಲ್ಲ. ಮಾತು ಕತ್ತರಿಸಿದ್ದನ್ನ ಕಿವಿ ಅಷ್ಟು ಬೇಗ ಹಿಡಿಯಲ್ಲ, ಮಾತಿನ ಹಿಂದಿನ ಸದ್ದು ಬದಲಾಗಿದ್ದನ್ನ ಮಾತ್ರ ತಕ್ಷಣ ಹಿಡಿಯತ್ತೆ.

ಅದಕ್ಕೇ ಇದನ್ನ ಬರೀತಿರೋದು.

ಹಂತ 1: ಖಾಲಿ ರೂಮನ್ನ ರೆಕಾರ್ಡ್ ಮಾಡಿ

ಖಾಲಿ ಅಂದ್ರೆ ಮಾತು ಖಾಲಿ, ಜನ ಅಲ್ಲೇ ಇರ್ಬೇಕು. ಇಂಟರ್ವ್ಯೂ ಮುಗಿದ ತಕ್ಷಣ, ಮೈಕ್ ಅಲುಗಾಡಿಸದೆ, ರೆಕಾರ್ಡಿಂಗ್ ಮಟ್ಟ ಮುಟ್ಟದೆ, ಫ್ಯಾನ್ ಓಡ್ತಿದ್ರೆ ಓಡೋಕೆ ಬಿಟ್ಟು, ಎಲ್ಲರೂ ಕೂತಲ್ಲೇ ಒಂದು ನಿಮಿಷ ಸುಮ್ನಿರ್ಬೇಕು. ಇದಕ್ಕೆ ರೂಮ್ ಟೋನ್ ಅಂತಾರೆ. ಮೊದಲ ಹತ್ತು ಸೆಕೆಂಡು ಯಾರೋ ಕುರ್ಚಿ ಕಿರ್ ಅನ್ನಿಸ್ತಾರೆ, ಕೊನೇಲಿ ಯಾರೋ "ಆಯ್ತಾ?" ಅಂತಾರೆ, ಹಾಗಾಗಿ ಒಂದು ನಿಮಿಷ ಕೇಳಿದ್ರೆ ಮೂವತ್ತು ಸೆಕೆಂಡು ಸಿಗತ್ತೆ, ಅದು ಸಾಕು. ಹಿರಿಯರಿಗೆ ಸುಮ್ನಿರಿ ಅನ್ನೋಕೆ ಮುಜುಗರ ಆಗತ್ತೆ, ನಾನು "ಒಂದ್ನಿಮಿಷ ಮನೆ ಸದ್ದು ಹಿಡ್ಕೊಳ್ತೀನಿ" ಅಂತೀನಿ, ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಫೋನಲ್ಲಿ ರೆಕಾರ್ಡ್ ಮಾಡೋರಿಗೆ ಒಂದು ಎಚ್ಚರಿಕೆ. ಎಷ್ಟೋ ಫೋನಿನ ರೆಕಾರ್ಡರ್‌ಗಳು ಮಟ್ಟವನ್ನ ತಾವೇ ಏರಿಸಿ ಇಳಿಸ್ತವೆ. ಮಾತು ನಿಂತ ಕೂಡ್ಲೇ ಹಿಂದಿನ ಸದ್ದು ಮೆಲ್ಲಗೆ ಮೇಲೆ ಬರತ್ತೆ, ಹಾಗಾಗಿ ಕೊನೇಲಿ ಹಿಡಿದ ರೂಮ್ ಟೋನ್ ಮಾತಿನ ಮಧ್ಯೆ ಇರೋದಕ್ಕಿಂತ ಜೋರಾಗಿರತ್ತೆ, ಹಾಕಿದ್ರೆ ಹೊಂದಲ್ಲ. ಮಟ್ಟವನ್ನ ಕೈಯಲ್ಲಿ ಇಡೋಕೆ ಬಿಡೋ ಆ್ಯಪ್ ಇದ್ರೆ ಅದನ್ನೇ ಬಳಸಿ.

ಹಂತ 2: ಮೊದಲು ಬರೀ ಮಾತು ಕತ್ತರಿಸಿ

ಏನು ಇರ್ಬೇಕು ಏನು ಹೋಗ್ಬೇಕು ಅನ್ನೋದನ್ನ ಒರಟಾಗಿ ಮುಗಿಸಿ, ಜೋಡಣೆಯ ಚಂದ ಈಗ ನೋಡ್ಬೇಡಿ. WAV ಫೈಲಲ್ಲೇ ಕೆಲಸ ಮಾಡಿ, MP3 ಕೊನೇಲಿ ಒಂದೇ ಸಲ. ಸದ್ದು ಕಡಿಮೆ ಮಾಡೋ ನಾಯ್ಸ್ ರಿಡಕ್ಷನ್ ಈಗಲೇ ತುಂಡು ತುಂಡಿಗೆ ಹಾಕ್ಬೇಡಿ, ಒಂದೊಂದು ತುಂಡಿನ ಹಿನ್ನೆಲೆ ಒಂದೊಂದು ಥರ ಆಗತ್ತೆ. ಬೇಕೇ ಬೇಕು ಅಂದ್ರೆ ಎಲ್ಲ ಜೋಡಿಸಿದ ಮೇಲೆ ಇಡೀ ಟ್ರ್ಯಾಕಿಗೆ ಒಟ್ಟಿಗೆ ಹಾಕಿ. ಮತ್ತೆ ಈ "ಮೌನ ತಾನಾಗೇ ತೆಗೆಯತ್ತೆ" ಅನ್ನೋ ಬಟನ್‌ಗಳು ಬರ್ತವಲ್ಲ, ನಾನಂತೂ ಮುಟ್ಟಲ್ಲ. ಅಜ್ಜಿ ಯೋಚಿಸಿ ಯೋಚಿಸಿ ಹೇಳಿದ್ದು ಹರಾಜು ಕೂಗಿದ ಹಾಗೆ ಆಗತ್ತೆ.

ಕನ್ನಡದಲ್ಲಿ ಇನ್ನೊಂದಿದೆ, ನಮ್ಮ 'ಇಲ್ಲ' ಬರೋದು ವಾಕ್ಯದ ಬಾಲದಲ್ಲಿ. "ನಾನು ಅಲ್ಲಿಗೆ ಹೋಗ್ಬೇಕು ಅಂತ ಏನೂ ಇರ್ಲಿಲ್ಲ" ಅನ್ನೋದನ್ನ 'ಹೋಗ್ಬೇಕು' ಹತ್ರ ಕತ್ತರಿಸಿದ್ರೆ ಅವರು ಹೇಳಿದ್ದಕ್ಕೆ ಉಲ್ಟಾ. ಜೋಡಣೆ ಕಿವಿಗೆ ಸಿಗದ ಹಾಗೆ ಮಾಡೋದು ಕಲಿತ ಮೇಲೆ ಈ ತಪ್ಪೂ ಯಾರಿಗೂ ಸಿಗಲ್ಲ, ಅದಕ್ಕೇ ಬಾಲ ಪೂರ್ತಿ ಕೇಳಿ ಆಮೇಲೆ ಕತ್ತರಿ ಹಾಕಿ.

ಹಂತ 3: ಜೋಡಣೆ

ಎಲ್ಲರೂ ಎಡವೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಹೋಗೋಣ. ನಾನು ಮಾಡಿದ ಒಂದು ಜೋಡಣೆಯನ್ನೇ ಇಟ್ಕೊಳ್ತೀನಿ. ಗದಗದ ಕಡೆ ಒಬ್ಬ ಹಿರಿಯರು, ಕಂಪನಿ ನಾಟಕದಲ್ಲಿ ಪರದೆ ಕಟ್ಟುವ ಕೆಲಸ ಮಾಡಿದ್ದವರು. ಅವರ ಮನೆ ಪಡಸಾಲೆ, ಮೇಲೆ ಹಳೇ ಫ್ಯಾನು. "ಆವಾಗ ಎತ್ತಿನ ಗಾಡ್ಯಾಗ ಹೋಗ್ತಿದ್ವಿ" ಅಂದ್ರು, ಅಷ್ಟರಲ್ಲಿ ಚಹಾ ಬಂತು, ಕಪ್ಪು ಬಸಿ ಸದ್ದು, ತಗೋರಿ ತಗೋರಿ, ಎಲ್ಲ ಮುಗಿದ ಮೇಲೆ "ಪರದೆ ಕಟ್ಟಾಕನ ಎರಡ ದಿನ ಹಿಡೀತಿತ್ತು" ಅಂದ್ರು. ಚಹಾ ಹೋಗ್ಬೇಕು, ಎರಡು ಮಾತು ಸೇರ್ಬೇಕು.

ಮೊದಲು ಎಡಗಡೆ ತುಂಡು. 'ಹೋಗ್ತಿದ್ವಿ' ಅನ್ನೋದರ ಕೊನೇ 'ಇ' ಬಾಯಲ್ಲಿ ಮುಗಿದ್ರೂ ಪಡಸಾಲೆ ಗೋಡೆಗೆ ಬಡಿದು ಇನ್ನೂ ಸ್ವಲ್ಪ ಹೊತ್ತು ಉಳಿದಿರತ್ತೆ. ನಮ್ಮ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯೋದ್ರಿಂದ ಈ ಬಾಲ ಎಲ್ಲ ಕಡೆ ಇದ್ದೇ ಇರತ್ತೆ. ಸ್ಕ್ರೀನಲ್ಲಿ ಅಲೆ ಚಪ್ಪಟೆ ಆಯ್ತು ಅಂತ ಅಲ್ಲೇ ಕತ್ತರಿಸಿದ್ರೆ ಬಾಲ ತುಂಡಾಗಿ, ಬಾಗಿಲು ಹಾಕಿದ ಹಾಗೆ ಕೇಳತ್ತೆ. ನಾನು ಅಲೆಯನ್ನ ಉದ್ದುದ್ದ ಹಿಗ್ಗಿಸಿ, ಕಿವಿಯಲ್ಲಿ ಕೇಳಿ, ಬಾಲ ಫ್ಯಾನ್ ಸದ್ದಲ್ಲಿ ಪೂರ್ತಿ ಕರಗಿದ ಮೇಲೆ ಕತ್ತರಿಸಿದೆ.

ಬಲಗಡೆ ತುಂಡು 'ಪರದೆ'. 'ಪ' ಹೇಳೋಕೆ ಮುಂಚೆ ತುಟಿ ಮುಚ್ಚಿರತ್ತೆ, ಆ ಕ್ಷಣ ಬಾಯಿಂದ ಸದ್ದಿಲ್ಲ, ಕತ್ತರಿಗೆ ಒಳ್ಳೇ ಜಾಗ. ಕ, ಚ, ಟ, ತ, ಪ ಇವೆಲ್ಲ ಹೀಗೇ. ಆದ್ರೆ ಇವರು 'ಪರದೆ'ಗೆ ಮುಂಚೆ ಉಸಿರು ಎಳ್ಕೊಂಡಿದ್ರು, ಅದನ್ನ ಬಿಟ್ಟು 'ಪ'ದಿಂದ ಶುರು ಮಾಡಿದ್ರೆ ಮನುಷ್ಯ ಗೊಂಬೆ ಆಗ್ತಾನೆ. ಹಾಗಾಗಿ ಉಸಿರಿಗೂ ಮುಂಚೆ ಕತ್ತರಿ. ಉಸಿರು ಪೂರ್ತಿ ಇರ್ಬೇಕು, ಇಲ್ಲ ಪೂರ್ತಿ ಹೋಗ್ಬೇಕು, ಅರ್ಧ ಉಸಿರು ಅಂದ್ರೆ ಬಿಕ್ಕಳಿಕೆ. ಎಡಗಡೆ ತುಂಡಿನ ಕೊನೇಲೂ ಒಂದು ಉಸಿರಿದ್ರೆ ಅದನ್ನ ತೆಗೀರಿ, ಎರಡು ಉಸಿರು ಒಟ್ಟಿಗೆ ಯಾರೂ ಎಳ್ಕೊಳ್ಳಲ್ಲ.

ಮಾತಿನ ಒಳಗೇ ಕತ್ತರಿಸೋ ಪರಿಸ್ಥಿತಿ ಬಂದ್ರೆ ಒತ್ತಕ್ಷರದ ಹತ್ರ ಹುಷಾರು. 'ಕಟ್ಟಾಕ' ಅನ್ನೋದರ 'ಟ್ಟ' ಒಳಗೆ ಒಂದು ಚಿಕ್ಕ ಮೌನ ಇದೆ, ಖಾಲಿ ಜಾಗ ಅಂತ ಅದನ್ನ ಕಡಿಮೆ ಮಾಡಿದ್ರೆ 'ಕಟಾಕ' ಆಗತ್ತೆ. ಆ ಮೌನವೇ ಒತ್ತು.

ಈಗ ಎರಡರ ಮಧ್ಯೆ ಎಷ್ಟು ಬಿಡುವು? ಅಂದಾಜು ಹೊಡೀಬೇಡಿ. ಅದೇ ಮನುಷ್ಯ ಬೇರೆ ಕಡೆ ಎರಡು ವಾಕ್ಯದ ನಡುವೆ ಎಷ್ಟು ನಿಲ್ಲಿಸಿದಾರೆ ಅಂತ ಅಳೀರಿ, ಇವರದು ಸುಮಾರು 0.6 ಸೆಕೆಂಡು ಇತ್ತು. ಅಷ್ಟನ್ನ ರೂಮ್ ಟೋನಿಂದ ತುಂಬಿಸ್ಬೇಕು, ಆದ್ರೆ ಸರಿಯಾಗಿ 0.6 ತಗೊಂಡು ಪಕ್ಕ ಪಕ್ಕ ಇಟ್ರೆ ಆಗಲ್ಲ, ಎರಡೂ ಬದಿಗೆ ಸ್ವಲ್ಪ ಸ್ವಲ್ಪ ಜಾಸ್ತಿ ತಗೊಂಡು ತುಂಡುಗಳ ಮೇಲೆ ಹತ್ತಿಸ್ಬೇಕು. ಹತ್ತಿದ ಜಾಗದಲ್ಲಿ ಒಂದು ಇಳೀತಾ ಇನ್ನೊಂದು ಏರತ್ತೆ, ಅದೇ ಕ್ರಾಸ್‌ಫೇಡ್. ಎಡಗಡೆ ಬಾಲ ಇರೋದ್ರಿಂದ ಅಲ್ಲಿ ನಾನು 100 ಮಿಲಿಸೆಕೆಂಡು ಕೊಟ್ಟೆ, ಬಲಗಡೆ 20 ಸಾಕಾಯ್ತು, ಅದು ಉಸಿರು ಶುರುವಾಗೋಕೆ ಮುಂಚೆ ಮುಗೀಬೇಕು ಅಷ್ಟೆ. ರೀಪರ್ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿ ಆಟೋ ಕ್ರಾಸ್‌ಫೇಡ್ ಆನ್ ಇದ್ರೆ ಒಂದರ ಮೇಲೊಂದು ಎಳೆದು ಬಿಟ್ರೆ ಫೇಡ್ ತಾನೇ ಬೀಳತ್ತೆ. ಆಡಾಸಿಟಿಲಿ `Crossfade Clips` ಇದೆ, ನನಗೆ ಅದಕ್ಕಿಂತ ರೂಮ್ ಟೋನನ್ನ ಬೇರೆ ಟ್ರ್ಯಾಕಲ್ಲಿ ಇಟ್ಟು ಫೇಡ್ ಕೈಯಲ್ಲಿ ಹಾಕೋದೇ ಇಷ್ಟ, ಏನಾಗ್ತಿದೆ ಅಂತ ಕಣ್ಣಿಗೆ ಕಾಣತ್ತೆ.

ಕೆಲವರು ಇಷ್ಟೆಲ್ಲ ಯಾಕೆ ಅಂತ ಇಡೀ ಇಂಟರ್ವ್ಯೂ ಕೆಳಗೆ ರೂಮ್ ಟೋನ್ ಹಾಸಿಬಿಡ್ತಾರೆ. ಮಾತಿನ ತುಂಡಲ್ಲಿ ಆಗಲೇ ಒಂದು ರೂಮಿದೆ, ಅದರ ಕೆಳಗೆ ಅಷ್ಟೇ ಜೋರಿನ ಇನ್ನೊಂದು ಹಾಸಿದ್ರೆ ಅಲ್ಲಿ ಹಿಂದಿನ ಸದ್ದು 3 ಡೆಸಿಬಲ್ ಏರತ್ತೆ, ಬಿಡುವಲ್ಲಿ ಒಂದೇ ಇರತ್ತೆ, ಹಾಗಾಗಿ ಜೋಡಣೆ ಇನ್ನೂ ಕೇಳತ್ತೆ, ಜೊತೆಗೆ ಗಲೀಜು ಬೇರೆ. ತೂತು ಇರೋ ಕಡೆ ಮಾತ್ರ ತೇಪೆ ಹಾಕಿ.

ಫೇಡ್ ಉದ್ದದ ಬಗ್ಗೆ ಇನ್ನೊಂದು ಮಾತು. 5 ಮಿಲಿಸೆಕೆಂಡಿನ ಫೇಡ್ 'ಟಿಕ್' ಅನ್ನೋ ಸದ್ದನ್ನ ತಡೆಯತ್ತೆ, ಆದ್ರೆ ರೆಕಾರ್ಡಿಂಗಲ್ಲಿ ಕರೆಂಟಿನ ಗುಂ ಸೇರಿದ್ರೆ ಅಷ್ಟು ಸಾಲಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಸುತ್ತಿಗೇ 20 ಮಿಲಿಸೆಕೆಂಡು ಬೇಕು. ಎರಡು ತುಂಡಿನ ಗುಂ ಒಂದಕ್ಕೊಂದು ವಿರುದ್ಧವಾಗಿ ಬಂದಾಗ ಸಣ್ಣ ಫೇಡಲ್ಲಿ 'ದುಂ' ಅಂತ ಒಂದು ಗುದ್ದು ಕೇಳತ್ತೆ. ಮಾತಿಗೆ ಬೇಡದ 80 ಹರ್ಟ್ಸ್ ಕೆಳಗಿನದನ್ನ ಮೊದಲೇ ಹೈಪಾಸ್ ಫಿಲ್ಟರ್‌ನಿಂದ ಇಳಿಸಿ ಆಮೇಲೆ ಜೋಡಿಸಿ, ಮುಕ್ಕಾಲು ತಲೆನೋವು ಹೋಗತ್ತೆ. ರೂಮ್ ಟೋನಿಗೂ ಅದೇ ಫಿಲ್ಟರ್ ಹಾಕೋದು ಮರೀಬೇಡಿ, ನಾನು ಮರೆತು ಒಂದು ಮಧ್ಯಾಹ್ನ ಕಳ್ಕೊಂಡಿದೀನಿ.

ರೂಮ್ ಟೋನ್ ಹಿಡಿಯೋಕೆ ಮರೆತಿದ್ರೆ

ಪ್ರಶ್ನೆ ಮುಗಿದು ಉತ್ತರ ಶುರುವಾಗೋ ಮಧ್ಯೆ ಹುಡುಕಿ. ಅರ್ಧ ಸೆಕೆಂಡು, ಮುಕ್ಕಾಲು ಸೆಕೆಂಡಿನ ಏಳೆಂಟು ತುಣುಕು ಸಿಗತ್ತೆ, ಉಸಿರು, ನಾಲಿಗೆ ಚಪ್ಪರಿಕೆ ಇಲ್ಲದ್ದನ್ನ ಆರಿಸಿ, ಒಂದರ ಮೇಲೊಂದು ಹತ್ತಿಸಿ ಒಂದು ಪಟ್ಟಿ ಮಾಡ್ಕೊಳ್ಳಿ. ಒಂದೇ ತುಣುಕನ್ನ ಹತ್ತು ಸಲ ಅಂಟಿಸ್ಬೇಡಿ, ಅರ್ಧ ಸೆಕೆಂಡಿನದು ಮತ್ತೆ ಮತ್ತೆ ಬಂದ್ರೆ ರೈಲು ಹೋದ ಹಾಗೆ ತಾಳ ಕೇಳತ್ತೆ. ಇಂಥ ಪಟ್ಟಿಗೆ ಉದ್ದ ಫೇಡ್ ಹಾಕುವಾಗ ನೇರ ಗೆರೆಯದಲ್ಲ, ಈಕ್ವಲ್ ಪವರ್ ಅನ್ನೋ ಬಾಗಿದ ಗೆರೆಯದು ಆರಿಸಿ. ನೇರ ಗೆರೆಯಲ್ಲಿ ನಡುಮಧ್ಯೆ ಸದ್ದು 3 ಡೆಸಿಬಲ್ ಕುಸಿಯತ್ತೆ, 20 ಮಿಲಿಸೆಕೆಂಡಲ್ಲಿ ಅದು ಯಾರಿಗೂ ಕೇಳಲ್ಲ, 200ರಲ್ಲಿ ಕೇಳತ್ತೆ.

ಹಂತ 4: ಸ್ಕ್ರೀನ್ ಆಫ್ ಮಾಡಿ ಕೇಳಿ

ಗೆರೆ ಕಾಣ್ತಿದ್ರೆ ಕಿವಿ ಅಲ್ಲೇ ಜೋಡಣೆ ಹುಡುಕತ್ತೆ, ಇಲ್ಲದ್ದೂ ಕೇಳತ್ತೆ. ಐದು ಸೆಕೆಂಡು ಹಿಂದಿನಿಂದ, ಹೆಡ್‌ಫೋನಲ್ಲಿ, ಮಾಮೂಲಿಗಿಂತ ಸ್ವಲ್ಪ ಜೋರಾಗಿ ಕೇಳಿ. ಫೋನಿನ ಸ್ಪೀಕರಲ್ಲಿ ಕೇಳಿ ಸರಿಯಾಗಿದೆ ಅಂದ್ಕೋಬೇಡಿ, ಅದರಲ್ಲಿ ಹಿನ್ನೆಲೆ ಕೇಳೋದೇ ಇಲ್ಲ.

ನನ್ನ ಜೋಡಣೆ ಮೊದಲ ಸಲ ಸಿಕ್ಕಿಬಿತ್ತು. ಆ ಹಳೇ ಫ್ಯಾನು ಪ್ರತಿ ಸುತ್ತಿಗೂ 'ಟಕ್' ಅಂತಿತ್ತು, ಜೋಡಿಸಿದ ಕಡೆ ಎರಡು ಟಕ್ ಹತ್ತಿರ ಬಂದು ಫ್ಯಾನು ಎಡವಿದ ಹಾಗೆ ಕೇಳ್ತಿತ್ತು. ರೂಮ್ ಟೋನನ್ನ ಸ್ವಲ್ಪ ಸರಿಸಿ, ಟಕ್ ತನ್ನ ಸರದಿಗೆ ಬೀಳೋ ಹಾಗೆ ಕೂರಿಸಿ, ಬಿಡುವನ್ನ 0.6 ಬದಲು 0.7 ಮಾಡಿದ ಮೇಲೆ ಸರಿ ಹೋಯ್ತು.

ಕೆಲವು ಸರಿ ಹೋಗಲ್ಲ. ಅದೇ ಇಂಟರ್ವ್ಯೂನಲ್ಲಿ ಮುಂದೆ ಅವರು ಕುರ್ಚಿ ಹಿಂದಕ್ಕೆ ಸರಿಸಿ ಕೂತಿದ್ರು, ದನಿ ಮೈಕಿಂದ ದೂರ ಆಗಿ ಪಡಸಾಲೆಯ ಗುಂಗು ಜಾಸ್ತಿ ಆಗಿತ್ತು, ಆ ತುಂಡನ್ನ ಹಿಂದಿನದಕ್ಕೆ ಅಂಟಿಸೋಕೆ ಒಂದು ಗಂಟೆ ಒದ್ದಾಡಿದೆ. ರೂಮ್ ಟೋನಿಗೂ ಕ್ರಾಸ್‌ಫೇಡಿಗೂ ಅದು ಬಗ್ಗಲಿಲ್ಲ, ಬದಲಾಗಿದ್ದು ದನಿಯೇ. ಕೊನೆಗೆ ನಡುವೆ ನನ್ನ ಪ್ರಶ್ನೇನೇ ಉಳಿಸ್ಕೊಂಡೆ, "ಮಳೆ ಬಂದ್ರೆ ಪರದೆ ಏನ್ಮಾಡ್ತಿದ್ರಿ ಅಜ್ಜಾರೆ?" ಅಂತ.