ರಿವರ್ಸ್ ಚಾರ್ಜ್ ತೆರಿಗೆಗೆ ನೋಟಿಸ್ ಬಂತೇ? ಉತ್ತರ ಹೀಗೆ ಬರೆಯಿರಿ

ಲಾರಿ ಬಾಡಿಗೆ ಮೇಲಿನ ರಿವರ್ಸ್ ಚಾರ್ಜ್ ತೆರಿಗೆ, ಅಂದರೆ ಲಾರಿಯವರ ಬದಲು ಸೇವೆ ಪಡೆದ ನೀವೇ ಕಟ್ಟಬೇಕಾದ ಜಿಎಸ್‌ಟಿ, ಆ ತಿಂಗಳು ಕಟ್ಟೋದು ಬಿಟ್ಟುಹೋಗಿತ್ತು. ಲೆಕ್ಕ ನೋಡುವಾಗ ಗೊತ್ತಾಗಿ, ನೀವಾಗಿಯೇ ಬಾಕಿ ಕಟ್ಟುವ ಫಾರ್ಮ್ ಡಿಆರ್‌ಸಿ-03ರಲ್ಲಿ ಬಡ್ಡಿ ಸಮೇತ ಕಟ್ಟಿದಿರಿ. ಆಮೇಲೆ ಅದೇ ತೆರಿಗೆ ಕೇಳಿ, ದಂಡವನ್ನೂ ಸೇರಿಸಿ ಶೋಕಾಸ್ ನೋಟಿಸ್ ಬಂದಿದೆ. ಇಂಥ ನೋಟಿಸ್‌ಗೆ ಗಟ್ಟಿ ಉತ್ತರ ಇದೆ. ಕಟ್ಟಿದ್ದನ್ನು ಸರಿಯಾಗಿ ತೋರಿಸಬೇಕು, ಅಷ್ಟೇ.

ಕಟ್ಟಿದ ಮೇಲೂ ನೋಟಿಸ್ ಯಾಕೆ ಬರುತ್ತೆ? ಅಧಿಕಾರಿ ನಿಮ್ಮ ಲೆಕ್ಕಪತ್ರದ ಲಾರಿ ಬಾಡಿಗೆಯನ್ನು ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿಯಲ್ಲಿ ರಿವರ್ಸ್ ಚಾರ್ಜ್ ತೋರಿಸುವ 3.1(ಡಿ) ಸಾಲಿನ ಜೊತೆ ಹೋಲಿಸುತ್ತಾರೆ. ಡಿಆರ್‌ಸಿ-03ರಲ್ಲಿ ಕಟ್ಟಿದ್ದು ಆ ಸಾಲಿಗೆ ಬರುವುದಿಲ್ಲ. ಅಲ್ಲಿ ಸೊನ್ನೆ ಕಂಡರೆ ತೆರಿಗೆ ಬಾಕಿ ಅಂತಲೇ ಲೆಕ್ಕ.

ಮೊದಲು ನೋಟಿಸ್ ಜಿಎಸ್‌ಟಿ ಕಾಯ್ದೆಯ ಯಾವ ಸೆಕ್ಷನ್‌ನಲ್ಲಿದೆ ನೋಡಿ. 2023-24ರವರೆಗಿನ ವರ್ಷಗಳಿಗೆ, ವಂಚನೆಯ ಆರೋಪ ಇಲ್ಲದಿದ್ದರೆ ಸೆಕ್ಷನ್ 73. ಇದ್ದರೆ 74, ಅದರ ದಾರಿಯೇ ಬೇರೆ, ವಕೀಲರನ್ನೋ ಸಿಎ ಅವರನ್ನೋ ಕೇಳಿಯೇ ಮುಂದುವರಿಯಿರಿ. 2024-25ರಿಂದ ಈಚೆಗೆ 74ಎ. ಇಲ್ಲಿ ಹೇಳುತ್ತಿರುವುದು 73ರ ನೋಟಿಸ್ ಬಗ್ಗೆ.

ಆಮೇಲೆ ಬಡ್ಡಿಯನ್ನು ಮತ್ತೊಮ್ಮೆ ಲೆಕ್ಕ ಹಾಕಿ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಉದಾಹರಣೆ ತಗೊಳ್ಳೋಣ. 2022ರ ಜುಲೈನಲ್ಲಿ ₹4,00,000 ಲಾರಿ ಬಾಡಿಗೆ ಬಿಲ್ ಬಂತು, ಆ ತಿಂಗಳೇ ಹಣ ಕೊಟ್ಟಿರಿ. ಶೇ 5ರ ತೆರಿಗೆ ₹20,000, ಅಂದರೆ ಸಿಜಿಎಸ್‌ಟಿ 10,000, ಎಸ್‌ಜಿಎಸ್‌ಟಿ 10,000. ಕೊನೆ ದಿನ ಆಗಸ್ಟ್ 20. ನೀವು ಕಟ್ಟಿದ್ದು 2023ರ ಮಾರ್ಚ್ 15ಕ್ಕೆ. ಆಗಸ್ಟ್ 21ರಿಂದ ಎಣಿಸಿದರೆ 207 ದಿನ ತಡ. ವರ್ಷಕ್ಕೆ ಶೇ 18ರಂತೆ ಬಡ್ಡಿ ಹೀಗೆ:

```
20,000 × 18% × 207 ÷ 365 = 2,041.64
```

ಅಂದರೆ ಬಡ್ಡಿ ₹2,042, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗೆ ತಲಾ 1,021ರಂತೆ. ಬಿಲ್‌ಗೆ ಹಣ ಕೊಟ್ಟಿದ್ದು ತಡವಾಗಿದ್ದರೆ ಎಣಿಕೆ ಬದಲಾಗುತ್ತದೆ. ಸೇವೆಗೆ ಹಣ ಕೊಟ್ಟ ದಿನ ಅಥವಾ ಬಿಲ್ ತಾರೀಕಿನಿಂದ 61ನೇ ದಿನ, ಯಾವುದು ಮೊದಲೋ ಆ ತಿಂಗಳ ತೆರಿಗೆ ಅದು.

ಕಟ್ಟಿದ ಬಡ್ಡಿ ಕಡಿಮೆ ಬಿದ್ದಿದೆಯಾ? ಉಳಿದದ್ದನ್ನು ನೋಟಿಸ್ ಬಂದ 30 ದಿನದೊಳಗೆ ಕಟ್ಟಿಬಿಡಿ. 73(8)ರ ಪ್ರಕಾರ ಅದಕ್ಕೆ ದಂಡ ಇಲ್ಲ. ಹಾಗೆಯೇ ಡಿಆರ್‌ಸಿ-03 ತೆಗೆದು, ಹಣ ಕ್ಯಾಶ್ ಲೆಡ್ಜರ್‌ನಿಂದಲೇ ಹೋಗಿದೆಯಾ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯ ಸರಿಯಾದ ಶೀರ್ಷಿಕೆಗೆ ಬಿದ್ದಿದೆಯಾ ನೋಡಿ. ರಿವರ್ಸ್ ಚಾರ್ಜ್ ತೆರಿಗೆಯನ್ನು ಕ್ರೆಡಿಟ್‌ನಿಂದ ಕಟ್ಟುವ ಹಾಗಿಲ್ಲ. ಕಟ್ಟಿದ್ದರೆ ನಿಮ್ಮ ವಾದ ಅಲ್ಲೇ ಕುಸಿಯುತ್ತದೆ.

ಈಗ ಉತ್ತರ. ಅದರ ಬೆನ್ನೆಲುಬು ಸೆಕ್ಷನ್ 73ರ (5) ಮತ್ತು (6). ನೋಟಿಸ್‌ಗೆ ಮೊದಲೇ ತೆರಿಗೆ, ಬಡ್ಡಿ ಕಟ್ಟಿ ತಿಳಿಸಿದರೆ ಆ ಮೊತ್ತಕ್ಕೆ ನೋಟಿಸ್ ಕೊಡಬಾರದು ಎಂದು ಅವು ಹೇಳುತ್ತವೆ. ಸುತ್ತಿ ಬಳಸದೆ ಹೀಗೆ ಬರೆಯಿರಿ:

“ಜುಲೈ 2022ರ ಲಾರಿ ಬಾಡಿಗೆ ಮೇಲಿನ ತೆರಿಗೆ ₹20,000 ಮತ್ತು ಬಡ್ಡಿ ₹2,042 ಅನ್ನು ದಿ. 15-03-2023ರಂದು ಡಿಆರ್‌ಸಿ-03 ಮೂಲಕ ನಗದಾಗಿ ಪಾವತಿಸಿದ್ದೇವೆ. ಎಆರ್‌ಎನ್ ಹಾಗೂ ಲೆಡ್ಜರ್ ಪ್ರತಿ ಲಗತ್ತಿಸಿದೆ. ಪಾವತಿಯು ನೋಟಿಸ್‌ಗೆ ಮುಂಚಿನದು. ಆದ್ದರಿಂದ ಸೆಕ್ಷನ್ 73(6)ರಂತೆ ಪ್ರಕ್ರಿಯೆ ಕೈಬಿಡಬೇಕೆಂದು ಕೋರುತ್ತೇವೆ.”

ದಂಡಕ್ಕೆ ಪ್ರತ್ಯೇಕ ಪ್ಯಾರಾ ಬೇಕೇ ಬೇಕು. ದಂಡ ತೆರಿಗೆಯ ಶೇ 10 ಅಥವಾ ₹10,000, ಯಾವುದು ಜಾಸ್ತಿಯೋ ಅದು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡಕ್ಕೂ ಹಾಕಿದರೆ ಒಟ್ಟು ₹20,000, ತೆರಿಗೆಯಷ್ಟೇ! ಕೆಲವು ನೋಟಿಸ್‌ಗಳು 73(11) ಹಿಡಿಯುತ್ತವೆ. ಸ್ವಯಂ ನಿರ್ಧರಿಸಿದ ತೆರಿಗೆಯನ್ನು ಕೊನೆ ದಿನದಿಂದ 30 ದಿನದೊಳಗೆ ಕಟ್ಟದಿದ್ದರೆ ದಂಡ ಎನ್ನುತ್ತದೆ ಅದು. ನಮ್ಮ ಉದಾಹರಣೆಯಲ್ಲಿ ಈ ತೆರಿಗೆ ರಿಟರ್ನ್‌ನಲ್ಲೇ ಇರಲಿಲ್ಲ, ಹಾಗಾಗಿ ಅದು ಸ್ವಯಂ ನಿರ್ಧರಿಸಿದ ತೆರಿಗೆ ಅಲ್ಲ ಎಂದು ವಾದಿಸಿ. ಎಲ್ಲ ಅಧಿಕಾರಿಗಳೂ ಇದನ್ನು ಒಪ್ಪುತ್ತಾರೆ ಎನ್ನಲಾಗದು. ಆದರೂ ಬರೆಯಲೇಬೇಕು, ಮುಂದೆ ಅಪೀಲಿಗೆ ಹೋದರೆ ಇದೇ ಆಧಾರ.

ಉತ್ತರದ ಜೊತೆ ಒಂದು ಪುಟದ ಪಟ್ಟಿ ಇಡಿ. ಬಿಲ್, ಹಣ ಕೊಟ್ಟ ದಿನ, ತೆರಿಗೆ, ಕಟ್ಟಿದ ದಿನ, ಬಡ್ಡಿ. ಅಧಿಕಾರಿ ನಿಜವಾಗಿ ಓದುವುದು ಇದನ್ನೇ. ತೆರಿಗೆಯ ಕ್ರೆಡಿಟ್ ತೆಗೆದುಕೊಂಡಿದ್ದರೆ ಯಾವ ತಿಂಗಳು ಅಂತಲೂ ನಮೂದಿಸಿ.

ಪೋರ್ಟಲ್‌ನಲ್ಲಿ Services, User Services, View Additional Notices/Orders ದಾರಿಯಲ್ಲಿ ಪ್ರಕರಣ ತೆರೆದು, ನೋಟಿಸ್ ಹೇಳಿದ ದಿನದೊಳಗೆ ಉತ್ತರದ ಫಾರ್ಮ್ ಡಿಆರ್‌ಸಿ-06 ಸಲ್ಲಿಸಿ. ಕಚೇರಿಗೆ ಸುಮ್ನೆ ಕಾಗದ ಕೊಟ್ಟು ಬಂದರೆ ಪೋರ್ಟಲ್‌ನಲ್ಲಿ ಉತ್ತರ ಇಲ್ಲ ಎಂದೇ ಕಾಣುತ್ತದೆ. ಖುದ್ದು ವಿಚಾರಣೆ ಬೇಕೇ ಎಂಬ ಪ್ರಶ್ನೆಗೆ ಹೌದು ಎನ್ನಿ. ಕೇಳಿದರೆ ವಿಚಾರಣೆ ಕೊಡಲೇಬೇಕು, ಸೆಕ್ಷನ್ 75(4) ಇದೆ. ಆ ದಿನ ಡಿಆರ್‌ಸಿ-03ರ ಪ್ರತಿ ಮತ್ತು ಆ ಪಟ್ಟಿಯನ್ನು ಮುದ್ರಿಸಿ ಕೈಯಲ್ಲಿ ಹಿಡಿದೇ ಹೋಗಿ.