ಹೆದ್ದಾರಿಯಲ್ಲಿ 40 ತೋರಿಸಿದ ಕಾರು: ಕ್ಯಾಮೆರಾ ಮತ್ತು ನಕ್ಷೆಯ ಜಗಳವನ್ನು ನಾನು ಬಿಡಿಸಿಕೊಂಡ ಬಗೆ

ನಕ್ಷೆಗಳಿಗಾಗಿ ರಸ್ತೆ ಸರ್ವೆ ಮಾಡುವುದು ನನ್ನ ಕೆಲಸ. ದಾವಣಗೆರೆಯಿಂದ ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗಮಿತಿಯ ದಾಖಲೆಗಳನ್ನು ಪರಿಶೀಲಿಸುತ್ತಿದ್ದಾಗ ಎದುರಾದ ಒಂದು ತೊಡಕನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ವೆಗೆ ಬಳಸುತ್ತಿದ್ದ ಕಾರಿನಲ್ಲಿ ವೇಗಮಿತಿಯನ್ನು ತಾನೇ ಓದಿ ಎಚ್ಚರಿಸುವ ವ್ಯವಸ್ಥೆಯಿತ್ತು. 100 ಮಿತಿಯಿರುವ ಮುಖ್ಯ ರಸ್ತೆಯಲ್ಲಿ ಸಾಗುವಾಗಲೇ ಅದು ಕೆಲವು ಊರುಗಳ ಬಳಿ ಏಕಾಏಕಿ 40 ಎಂದು ತೋರಿಸಿ ಬೀಪ್ ಮಾಡುತ್ತಿತ್ತು.

ಈ ವ್ಯವಸ್ಥೆಯನ್ನು ನಮ್ಮಲ್ಲಿ ಹಲವರು ಹಳೆಯ ಬೀಪ್ ಜೊತೆ ಸೇರಿಸಿಬಿಡುತ್ತಾರೆ. 2019ರ ಜುಲೈನಿಂದ ಭಾರತದ ಹೊಸ ಕಾರುಗಳಲ್ಲಿ ಕಡ್ಡಾಯವಾದ ಎಚ್ಚರಿಕೆಗೆ ರಸ್ತೆ ಯಾವುದೆಂಬುದೇ ಗೊತ್ತಿಲ್ಲ. 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಎಡೆಬಿಡದೆ ಕೂಗುತ್ತದೆ, ಅಷ್ಟೇ. ಯುರೋಪಿನಲ್ಲಿ 2022ರ ಜುಲೈನಿಂದ ಹೊಸ ಮಾದರಿಗಳಿಗೂ, 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿರುವುದು ಬೇರೆಯೇ ವ್ಯವಸ್ಥೆ. ಅದು ನಿಂತ ಜಾಗದ ಮಿತಿಯನ್ನು ತಿಳಿದುಕೊಂಡು ಚಾಲಕನಿಗೆ ಹೇಳಬೇಕು. ಅದಕ್ಕಿರುವ ದಾರಿಗಳು ಮುಖ್ಯವಾಗಿ ಎರಡು: ಗಾಜಿನ ಹಿಂದಿನ ಕ್ಯಾಮೆರಾ ಬೋರ್ಡನ್ನು ಓದುವುದು, ಇಲ್ಲವೇ ಜಿಪಿಎಸ್ ಸ್ಥಾನವನ್ನು ನಕ್ಷೆಯ ರಸ್ತೆಯೊಂದಕ್ಕೆ ಹೊಂದಿಸಿ ಅಲ್ಲಿ ಬರೆದಿಟ್ಟ ಮಿತಿಯನ್ನು ತೆಗೆದುಕೊಳ್ಳುವುದು. ಎರಡೂ ಇರುವ ಕಾರು ಯಾವುದನ್ನು ನಂಬಬೇಕೆಂಬುದನ್ನು ತಯಾರಕರು ತಮ್ಮ ತಮ್ಮ ರೀತಿಯಲ್ಲಿ ನಿರ್ಧರಿಸುತ್ತಾರೆ. ಆದರೆ ಈಗಷ್ಟೇ ಕಂಡ ಬೋರ್ಡಿಗೆ ಹಳೆಯ ನಕ್ಷೆಗಿಂತ ಹೆಚ್ಚಿನ ತೂಕ ಕೊಡುವುದು ಸಾಮಾನ್ಯ ಪದ್ಧತಿ.

ಪರದೆಯಲ್ಲಿ ಬರುವ ಅಂಕಿ ಎಲ್ಲಿಂದ ಬಂತೆಂದು ಕಾರು ಹೇಳುವುದಿಲ್ಲವಾದ್ದರಿಂದ, ಅದನ್ನು ಹೊರಗಿನಿಂದಲೇ ಪತ್ತೆ ಮಾಡಬೇಕಾಯಿತು. ಮುಂದಿನ ರಸ್ತೆಗೆ ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್, ಮೀಟರಿನ ಪರದೆಗೆ ಮುಖ ಮಾಡಿ ಒಂದು ಫೋನ್, ಇವೆರಡನ್ನೂ ಚಾಲನೆಯಲ್ಲಿಟ್ಟು, ಹೊರಡುವ ಮುನ್ನ ಒಮ್ಮೆ ಹಾರ್ನ್ ಹೊಡೆಸುತ್ತಿದ್ದೆ. ಎರಡೂ ವಿಡಿಯೋಗಳಲ್ಲಿ ಕೇಳುವ ಆ ಶಬ್ದವನ್ನು ಒಂದಕ್ಕೊಂದು ಕೂಡಿಸಿದರೆ, ಅಂಕಿ ಬದಲಾದ ಕ್ಷಣದಲ್ಲಿ ಕಾರು ಎಲ್ಲಿತ್ತು, ಎದುರಿಗೆ ಏನಿತ್ತು ಎಂಬುದು ಸಿಗುತ್ತದೆ. ನಂತರ ಕಾರಿನ ಜಾಡನ್ನು ಲ್ಯಾಪ್‌ಟಾಪಿನಲ್ಲಿ ನಕ್ಷೆಯ ಮೇಲೆ ಹರಡಿ ನೋಡುತ್ತಿದ್ದೆ.

ಭರಮಸಾಗರಕ್ಕಿಂತ ಮುಂಚಿನ ಒಂದು ಊರಿನ ಬಳಿ ಸಿಕ್ಕ ಪ್ರಕರಣವನ್ನೇ ವಿವರವಾಗಿ ಹೇಳುತ್ತೇನೆ. ಗಂಟೆಗೆ 82 ಕಿ.ಮೀ. ವೇಗದಲ್ಲಿದ್ದಾಗ 100 ಹೋಗಿ 40 ಬಂತು. ವಿಡಿಯೋದಲ್ಲಿ ನೋಡಿದರೆ, ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ನಡುವಿನ ಪಟ್ಟಿಯಲ್ಲಿ 40ರ ಬೋರ್ಡೊಂದು ನಿಂತಿದೆ. ನಮ್ಮ ಚಾಲಕ ಅದನ್ನು ನೋಡಿದ ಕೂಡಲೇ “ಅದು ನಮ್ದಲ್ಲ ಸಾರ್, ಪಕ್ಕದ ರೋಡಿಂದು” ಎಂದಿದ್ದ. ನಾನು ಸರ್ವಿಸ್ ರಸ್ತೆಗೆ ಇಳಿದು ಟೇಪು ಹಿಡಿದು ನೋಡಿದೆ: ಬೋರ್ಡಿನ ಅಗಲ 60 ಸೆಂ.ಮೀ., ಅದರ ಮುಖ ಸರ್ವಿಸ್ ರಸ್ತೆಯ ಕಡೆಗೆ ಸುಮಾರು 20 ಡಿಗ್ರಿ ತಿರುಗಿತ್ತು.

ಚಾಲಕನಿಗೆ ಸಾಕಾದ ಈ ತಿರುವು ಕ್ಯಾಮೆರಾಕ್ಕೆ ಯಾಕೆ ಸಾಲಲಿಲ್ಲ ಎಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಡ್ಡಕ್ಕೆ 1280 ಪಿಕ್ಸೆಲ್ ಇದ್ದು 50 ಡಿಗ್ರಿ ಅಗಲದ ನೋಟವಿರುವ ಕ್ಯಾಮೆರಾ ಎಂದಿಟ್ಟುಕೊಂಡರೆ, 50 ಮೀಟರ್ ದೂರದ ಆ ಬೋರ್ಡು ಚಿತ್ರದಲ್ಲಿ ಸುಮಾರು 18 ಪಿಕ್ಸೆಲ್, 25 ಮೀಟರಿಗೆ ಬಂದಾಗ 35 ಪಿಕ್ಸೆಲ್ ಅಗಲವಿರುತ್ತದೆ. ಈ ನಡುವಿನ ದೂರವನ್ನು ನಾವು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಮಯದಲ್ಲಿ ದಾಟುತ್ತೇವೆ. ಅಂಕಿಯನ್ನು ಗುರುತಿಸಲು ಅಷ್ಟು ಸಾಕು. ಆದರೆ 20 ಡಿಗ್ರಿ ತಿರುಗಿದ ವೃತ್ತದ ಅಗಲ ಶೇ. 6ರಷ್ಟು ಮಾತ್ರ ಕುಗ್ಗುವುದರಿಂದ 35 ಇರುವುದು 33 ಆಗುತ್ತದೆ. ಎರಡು ಪಿಕ್ಸೆಲ್ ವ್ಯತ್ಯಾಸ ನೋಡಿ ಬೋರ್ಡು ಯಾರಿಗೆ ಮುಖ ಮಾಡಿದೆಯೆಂದು ಹೇಳುವುದು ಕಷ್ಟ. ಬೋರ್ಡಿನ ಜಾಗವೂ ನೆರವಿಗೆ ಬರುವುದಿಲ್ಲ, ಏಕೆಂದರೆ ಮುಖ್ಯ ರಸ್ತೆಯ ಬೋರ್ಡುಗಳೂ ಎಡಬದಿಯ ಅದೇ ಪಟ್ಟಿಯಲ್ಲೇ ನಿಲ್ಲುತ್ತವೆ. ಹಾಗಾಗಿ ಕ್ಯಾಮೆರಾ ಅಂಕಿಯನ್ನು ಸರಿಯಾಗಿಯೇ ಓದಿದೆ. ಅದು ಯಾವ ರಸ್ತೆಯದ್ದೆಂಬುದು ಮಾತ್ರ ಅದಕ್ಕೆ ತಿಳಿದಿಲ್ಲ. ಊರು ದಾಟಿ ಮುಂದಿನ 100ರ ಬೋರ್ಡು ಕಾಣುವವರೆಗೂ ಪರದೆ 40ನ್ನೇ ಹಿಡಿದುಕೊಂಡಿತ್ತು.

ಇಷ್ಟಕ್ಕೇ ನಕ್ಷೆ ಯಾವಾಗಲೂ ಸರಿಯೆಂದು ತಿಳಿಯಬಾರದು. ಅದೇ ಹೆದ್ದಾರಿಯ ಮತ್ತೊಂದು ಜಾಗದಲ್ಲಿ ಬೋರ್ಡೇ ಇಲ್ಲದ ಕಡೆ 40 ಬಂದಿತು. ಅಲ್ಲಿ ಮುಖ್ಯ ರಸ್ತೆಯ ನಮ್ಮ ಪಾರ್ಶ್ವದ ನಡುಗೆರೆಗೂ ಸರ್ವಿಸ್ ರಸ್ತೆಯ ನಡುಗೆರೆಗೂ ಸುಮಾರು 13 ಮೀಟರ್ ಅಂತರ. ಮೂರು ಲೇನ್‌ಗಳ ಪೈಕಿ ಎಡತುದಿಯ ಲೇನ್‌ನಲ್ಲಿ ಹೋಗುವ ಕಾರು ಮುಖ್ಯ ರಸ್ತೆಯ ನಡುಗೆರೆಯಿಂದ ಆಗಲೇ 3.5 ಮೀಟರ್ ಎಡಕ್ಕಿರುತ್ತದೆ. ಜಿಪಿಎಸ್ ಇನ್ನು 5 ಮೀಟರ್ ಎಡಕ್ಕೆ ತಪ್ಪಿದರೆ, ಕಾರು ಮುಖ್ಯ ರಸ್ತೆಯ ಗೆರೆಯಿಂದ 8.5 ಮೀಟರ್, ಸರ್ವಿಸ್ ರಸ್ತೆಯ ಗೆರೆಯಿಂದ ಬರೀ 4.5 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. ಎರಡೂ ರಸ್ತೆಗಳು ಒಂದೇ ದಿಕ್ಕಿಗೆ ಸಾಗುವುದರಿಂದ ದಿಕ್ಕನ್ನು ನೋಡಿಯೂ ಬೇರ್ಪಡಿಸಲಾಗದು. ಆದರೆ ನಕ್ಷೆಗೆ ಹೊಂದಿಸುವ ಕ್ರಮವು ಕಾರು ಪಟ್ಟಿಯನ್ನು ಹಾರಿ ಹೋಗಲಾರದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಈ ತಪ್ಪು ಸರ್ವಿಸ್ ರಸ್ತೆಗೆ ಇಳಿಯುವ ತೆರಪಿನಲ್ಲೇ ಶುರುವಾಗಿ, ಹೆಚ್ಚಾಗಿ ಮುಂದಿನ ತೆರಪಿನವರೆಗೆ ಉಳಿಯುತ್ತದೆ.

ನನಗೆ ಉಪಯೋಗಕ್ಕೆ ಬಂದ ಸುಳಿವು ಇದೇ. ಅಂಕಿ ಬೋರ್ಡಿನ ಬಳಿ ಬದಲಾದರೆ ಅದು ಕ್ಯಾಮೆರಾದ ಮಾತು. ತೆರಪು, ಕೂಡುರಸ್ತೆ ಅಥವಾ ನಕ್ಷೆಯ ಗೆರೆ ತುಂಡಾಗುವ ಜಾಗದಲ್ಲಿ ಬದಲಾದರೆ ಅದು ನಕ್ಷೆಯ ಮಾತು. ಎಡಬದಿಯಲ್ಲಿ ಲಾರಿಯೊಂದು ಅಡ್ಡವಿದ್ದ ದಿನ 40 ಬಾರದೇ ಹೋದರೆ ಅದು ಕ್ಯಾಮೆರಾದ ಮಾತೆಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ನಕ್ಷೆಯಲ್ಲಿ ತಪ್ಪು ಅಂಕಿಯನ್ನೇ ಬರೆದಿಟ್ಟಿದ್ದರೆ ಅದು ಮಳೆಯಿರಲಿ ಕತ್ತಲಿರಲಿ ಒಂದೇ ಜಾಗದಲ್ಲಿ ಬದಲಾಗುತ್ತದೆ.

ನಂತರದ ತಿದ್ದುಪಡಿ ಸುಲಭದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮುಖ್ಯ ರಸ್ತೆಯ ಗೆರೆಗೆ ಬೋರ್ಡು ನೋಡಿಯೇ ಬರೆದದ್ದೆಂಬ ಸೂಚನೆಯೊಡನೆ ಹೀಗೆ ದಾಖಲಿಸಿದೆ:

```
highway=trunk
maxspeed=100
maxspeed:hgv=80
source:maxspeed=sign
```

ಮೂರನೆಯ ಸಾಲು ಭಾರಿ ಸರಕು ವಾಹನಗಳಿಗೆ. ಸರ್ವಿಸ್ ರಸ್ತೆಯ ಗೆರೆಗೆ `maxspeed=40` ಹಾಕಿ, ಗೆರೆ ಪಕ್ಕಕ್ಕೆ ಸರಿದಿದ್ದ ಕಡೆ ನಮ್ಮ ಜಾಡುಗಳಿಗೆ ತಕ್ಕಂತೆ ಸರಿಪಡಿಸಿದೆ. ಇದರಿಂದ ಎರಡನೆಯ ಬಗೆಯ ತಪ್ಪು ಕಡಿಮೆಯಾಗುತ್ತದೆ, ಅದೂ ಈ ನಕ್ಷೆಯನ್ನೇ ಬಳಸುವ ಸಾಧನಗಳಲ್ಲಿ, ಅವು ಹೊಸ ದತ್ತಾಂಶವನ್ನು ಪಡೆದ ಮೇಲೆ. ಮೊದಲನೆಯ ತಪ್ಪಿಗೆ ಬೋರ್ಡನ್ನು ಸರ್ವಿಸ್ ರಸ್ತೆಯ ಎಡಬದಿಗೆ ಸ್ಥಳಾಂತರಿಸುವುದೇ ಸರಿಯಾದ ಪರಿಹಾರ ಎಂಬುದು ನನ್ನ ಅಭಿಪ್ರಾಯ. ಅದು ನಕ್ಷೆ ಬರೆಯುವವರ ಕೈಯಲ್ಲಿಲ್ಲ. ಆವರೆಗೆ, ಓದಿದ ಮಿತಿಗೆ ಕ್ರೂಸ್ ವೇಗವನ್ನು ತಾನಾಗಿ ಇಳಿಸುವ ಆಯ್ಕೆಯಿರುವ ಕಾರುಗಳಲ್ಲಿ ನಾನು ಅದನ್ನು ಆಫ್ ಮಾಡಿ, ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಏಕೆಂದರೆ ಹಿಂದೆ ಲಾರಿ ಬರುತ್ತಿರುವಾಗ ಕಾರು ಕಾರಣವಿಲ್ಲದೆ 40ಕ್ಕೆ ಇಳಿಯುವುದು ಅಪಾಯಕರ.

ಕಾಮಗಾರಿಯ ಡೈವರ್ಷನ್ ಬಳಿ ನಿಲ್ಲಿಸುವ 30ರ ಬೋರ್ಡುಗಳ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ನಕ್ಷೆ 100 ಎಂದರೂ ಕ್ಯಾಮೆರಾದ 30 ಸರಿ, ಮತ್ತು ಕೆಲಸ ಮುಗಿದ ಮೇಲೂ ಬೋರ್ಡು ಅಲ್ಲೇ ಉಳಿದಿದ್ದರೆ ಆ ಗೊಂದಲ ಎಲ್ಲಿಯವರೆಗೆ ಇರುತ್ತದೆಂದು ಯಾವ ನಕ್ಷೆಯೂ ಹೇಳದು. ಅಂಥ ಬೋರ್ಡುಗಳನ್ನು ನಾನು ನಕ್ಷೆಗೆ ಸೇರಿಸುವುದಿಲ್ಲ. ಜಾಗವನ್ನು ಗುರುತಿಸಿಟ್ಟುಕೊಂಡು ಮುಂದಿನ ಸರ್ವೆಯಲ್ಲಿ ಮತ್ತೆ ನೋಡುತ್ತೇನೆ.